ಎರಡು ನಡೆಯ ಚೆಕ್‌ಮೇಟ್, ಏಳು ಉತ್ತರಗಳ ಪರೀಕ್ಷೆ

ಚದುರಂಗದ ಸಮಸ್ಯೆಯೊಂದಕ್ಕೆ 'ಬಿಳಿಯ ಸರದಿ, ಎರಡು ನಡೆಗಳಲ್ಲಿ ಚೆಕ್‌ಮೇಟ್' ಎಂಬ ಸೂಚನೆಯಿದ್ದರೆ, ಬಿಳಿಯ ಮೊದಲ ನಡೆಗೆ ಕಪ್ಪು ಯಾವ ಉತ್ತರ ಕೊಟ್ಟರೂ ಎರಡನೆಯ ನಡೆಯಲ್ಲಿ ಕಪ್ಪು ರಾಜ ತಪ್ಪಿಸಿಕೊಳ್ಳಲಾಗದಂತೆ ಸಿಕ್ಕಿಬೀಳುತ್ತಾನೆ ಎಂದು ಅರ್ಥ. ಈ ಹೇಳಿಕೆಯಲ್ಲಿ ಎರಡು ಪಕ್ಷಗಳ ಹೊಣೆ ಸಮನಲ್ಲ: ಬಿಳಿಗೆ ಸರಿಯಾದ ಒಂದು ನಡೆ ಸಿಕ್ಕರೆ ಸಾಕು, ಆದರೆ ಕಪ್ಪಿನ ಉತ್ತರಗಳಲ್ಲಿ ಒಂದನ್ನೂ ಬಿಡದೆ ಪರೀಕ್ಷಿಸಬೇಕು, ಏಕೆಂದರೆ ಪಾರಾಗುವ ಒಂದೇ ಉತ್ತರ ಇಡೀ ಹೇಳಿಕೆಯನ್ನು ಸುಳ್ಳಾಗಿಸುತ್ತದೆ.

ಅಮೆರಿಕದ ಆಟಗಾರ ಪಾಲ್ ಮಾರ್ಫಿ (1837–1884) ಅವರ ಹೆಸರಿನಲ್ಲಿ ಪ್ರಸಿದ್ಧವಾದ ಸಮಸ್ಯೆಯಲ್ಲಿ ಈ ಪರೀಕ್ಷೆಯನ್ನು ಕೊನೆಯವರೆಗೆ ಮಾಡಿ ನೋಡಬಹುದು. ಮಣೆಯ ಕಂಬಸಾಲುಗಳನ್ನು ಎಡದಿಂದ a ಯಿಂದ h ವರೆಗೂ, ಅಡ್ಡಸಾಲುಗಳನ್ನು ಬಿಳಿಯ ಕಡೆಯಿಂದ 1 ರಿಂದ 8 ರವರೆಗೂ ಗುರುತಿಸಿದರೆ, ಬಿಳಿಯ ರಾಜ c8 ರಲ್ಲಿ, ಆನೆ a1 ರಲ್ಲಿ, ಕಾಲಾಳು b6 ರಲ್ಲಿ ಇವೆ. ಕಪ್ಪು ರಾಜ a8 ರಲ್ಲಿ, ಒಂಟೆ b8 ರಲ್ಲಿ, ಎರಡು ಕಾಲಾಳುಗಳು a7 ಮತ್ತು b7 ರಲ್ಲಿ ಇವೆ.

ಮೊದಲಿಗೆ, ಸರಿಯೆಂದು ತೋರುವ ಒಂದು ಪರಿಹಾರವನ್ನು ಗಮನಿಸಬಹುದು: ಆನೆಯನ್ನು a5 ಕ್ಕೆ ತಂದು ನಿಲ್ಲಿಸುವುದು. ಕಪ್ಪಿನ ಒಂಟೆ b8 ರಿಂದ ಎಲ್ಲಿಗೇ ಸರಿದರೂ ಆನೆ a7 ರ ಕಾಲಾಳನ್ನು ಹೊಡೆಯುತ್ತದೆ. ಆ ಆನೆಗೆ b6 ರ ಕಾಲಾಳಿನ ಬೆಂಬಲವಿರುವುದರಿಂದ ರಾಜ ಅದನ್ನು ಹೊಡೆಯಲಾರ, ಖಾಲಿಯಾದ b8 ನ್ನು ಬಿಳಿಯ ರಾಜ ಕಾಯುತ್ತಿರುವುದರಿಂದ ಅತ್ತ ಓಡಲೂ ಆಗದು. ಹೀಗಾಗಿ ಅದು ಚೆಕ್‌ಮೇಟ್. ಆದರೆ ಕಪ್ಪು ಒಂಟೆಯನ್ನೇ ನಡೆಸಬೇಕೆಂಬ ನಿಯಮವಿಲ್ಲ. ಆದುದರಿಂದ ಪರೀಕ್ಷಕನು ಸಹಜವೆನಿಸುವ ಉತ್ತರಗಳನ್ನು ಆಯ್ದುಕೊಳ್ಳದೆ, ಮಣೆಯ ಮೇಲಿರುವ ಕಪ್ಪಿನ ಕಾಯಿಗಳನ್ನು ಒಂದೊಂದಾಗಿ ಹಿಡಿದು ಅವುಗಳ ನಿಯಮಬದ್ಧ ನಡೆಗಳೆಲ್ಲವನ್ನೂ ಪಟ್ಟಿ ಮಾಡಬೇಕು.

ರಾಜನ ಸುತ್ತಲಿನ ಮೂರು ಮನೆಗಳಲ್ಲೂ ಅವನದೇ ಕಾಯಿಗಳಿರುವುದರಿಂದ ಅವನಿಗೆ ನಡೆಯಿಲ್ಲ. ಒಂಟೆಗೆ c7, d6, e5, f4, g3, h2 ಎಂಬ ಆರು ಮನೆಗಳಿವೆ. b7 ರ ಕಾಲಾಳಿನ ಮುಂದೆ ಬಿಳಿಯ ಕಾಲಾಳು ನಿಂತಿದ್ದು, ಅದಕ್ಕೆ ಹೊಡೆಯಲು ಓರೆಯಲ್ಲಿ ಏನೂ ಇಲ್ಲ. a7 ರ ಕಾಲಾಳು b6 ನ್ನು ಹೊಡೆಯಬಹುದೆಂದು ತೋರಿದರೂ, ಅದು ಪಕ್ಕಕ್ಕೆ ಸರಿದೊಡನೆ ಆನೆಯ ಎದುರು ರಾಜ ಬಯಲಾಗುವುದರಿಂದ ಆ ನಡೆ ನಿಷಿದ್ಧ. ಹೀಗೆ ರಾಜನಿಗೆ ಅಡ್ಡನಿಂತು ಅಲುಗಾಡಲಾಗದ ಕಾಯಿಯನ್ನು 'ಪಿನ್' ಆದ ಕಾಯಿ ಎನ್ನುತ್ತಾರೆ. ಆದರೆ ಅದೇ ಕಂಬಸಾಲಿನಲ್ಲಿ ಮುಂದಕ್ಕೆ, ಅಂದರೆ a6 ಕ್ಕೆ, ಹೋಗಲು ಪಿನ್ ಅಡ್ಡಿಯಲ್ಲ. ಒಟ್ಟು ಏಳು ಉತ್ತರಗಳಲ್ಲಿ ಆರು ಚೆಕ್‌ಮೇಟ್‌ಗೆ ಒಯ್ದರೆ, ಈ ಏಳನೆಯದು ಪಾರಾಗುತ್ತದೆ: ಆನೆ a6 ನ್ನು ಹೊಡೆದು ಚೆಕ್ ಕೊಟ್ಟರೂ b7 ರ ಕಾಲಾಳು ಆನೆಯನ್ನು ಹೊಡೆಯಬಲ್ಲದು, ಇಲ್ಲವೇ ಒಂಟೆ a7 ಕ್ಕೆ ಬಂದು ಅಡ್ಡನಿಲ್ಲಬಲ್ಲದು.  ಹೀಗಾಗಿ 'ಎರಡು ನಡೆಗಳಲ್ಲಿ' ಎಂಬ ಹೇಳಿಕೆಗೆ ಈ ಪರಿಹಾರ ಸುಳ್ಳು.

ಸೋಲಿಸಿದ ಉತ್ತರವೇ ಪರಿಹಾರದ ದಾರಿಯನ್ನೂ ತೋರಿಸುತ್ತದೆ, ಏಕೆಂದರೆ ಕಾಲಾಳು a6 ಕ್ಕೆ ಬರದಂತೆ ತಡೆಯಲು ಆನೆಯೇ ಆ ಮನೆಯಲ್ಲಿ ನಿಲ್ಲಬಹುದು. ಆಗಲೂ ಉತ್ತರಗಳು ಏಳೇ: ಒಂಟೆಯ ಆರು ನಡೆಗಳಿಗೆ ಮೊದಲಿನಂತೆ ಆನೆ a7 ರಲ್ಲಿ ಹೊಡೆದು ಚೆಕ್‌ಮೇಟ್ ಮಾಡುತ್ತದೆ, ಏಳನೆಯದಾಗಿ b7 ರ ಕಾಲಾಳು ಆನೆಯನ್ನು ಹೊಡೆದರೆ, ಬಿಳಿಯ ಕಾಲಾಳು ತೆರವಾದ b7 ಕ್ಕೆ ಮುನ್ನಡೆದು ಚೆಕ್ ಕೊಡುತ್ತದೆ, ಅದನ್ನು ತನ್ನ ರಾಜನೇ ಕಾಯುತ್ತಿರುವುದರಿಂದ ಯಾರೂ ಹೊಡೆಯಲಾರರು. ಪಟ್ಟಿ ಮುಗಿದಿದ್ದರಿಂದ ಹೇಳಿಕೆ ಸಿದ್ಧವಾಯಿತು.

ಈ ಪರಿಹಾರದಲ್ಲಿ ಬಿಳಿಯ ಕಡೆಯಿಂದ ನೇರ ಬೆದರಿಕೆಯೇ ಇಲ್ಲ. ಕಪ್ಪಿಗೆ ಸರದಿ ಬಿಟ್ಟುಕೊಡುವ ಅವಕಾಶವಿದ್ದಿದ್ದರೆ, ಆನೆ a7 ರಲ್ಲಿ ಹೊಡೆದಾಗ ಸ್ಥಾನ ಬಿಡದ ಒಂಟೆ ಅದನ್ನು ಮರಳಿ ಹೊಡೆಯುತ್ತಿತ್ತು. ನಡೆಯಲೇಬೇಕಾದ ಕಟ್ಟುಪಾಡೇ ಆಟಗಾರನಿಗೆ ಕೇಡಾಗುವ ಇಂಥ ಸ್ಥಿತಿಗೆ ಜರ್ಮನ್ ಮೂಲದ 'ಜುಗ್‌ಜ್ವಾಂಗ್' ಎಂಬ ಹೆಸರಿದೆ. ಚದುರಂಗದ ಅನೇಕ ಕಂಪ್ಯೂಟರ್ ತಂತ್ರಾಂಶಗಳು ಹುಡುಕಾಟವನ್ನು ಮೊಟಕುಗೊಳಿಸಲು, ಸರದಿ ಬಿಟ್ಟರೂ ಒಂದು ಪಕ್ಷದ ಸ್ಥಿತಿ ಚೆನ್ನಾಗಿಯೇ ಉಳಿದರೆ ನಿಜವಾದ ನಡೆಯಿಂದ ಅದು ಇನ್ನೂ ಉತ್ತಮವಾದೀತೆಂದು ಊಹಿಸಿ ಆ ಕವಲನ್ನು ಕತ್ತರಿಸುತ್ತವೆ. ಜುಗ್‌ಜ್ವಾಂಗ್ ಇರುವಲ್ಲಿ ಈ ಊಹೆಯೇ ತಪ್ಪಾಗುವುದರಿಂದ, ಚೆಕ್‌ಮೇಟನ್ನು ಸಾಧಿಸಿ ತೋರಿಸಬೇಕಾದಾಗ ಆ ಮೊಟಕುದಾರಿಯನ್ನು ಕೈಬಿಟ್ಟು ಕಪ್ಪಿನ ಪ್ರತಿಯೊಂದು ಉತ್ತರವನ್ನೂ ನೋಡಬೇಕಾಗುತ್ತದೆ. ಕಾಯಿಗಳು ತುಂಬಿದ ಮಣೆಯಲ್ಲಿ ಪ್ರತಿ ಸರದಿಗೆ 30 ಉತ್ತರಗಳಿದ್ದರೆ, ಮೂರು ನಡೆಯ ಹೇಳಿಕೆಗೆ ಬಿಳಿಯ ಸರಿಯಾದ ನಡೆಗಳು ತಿಳಿದಿದ್ದರೂ 30 ನ್ನು 30 ರಿಂದ ಗುಣಿಸಿದ 900 ಸಾಲುಗಳನ್ನು ಪರೀಕ್ಷಿಸಬೇಕು. ಬಿಳಿಯ ಪ್ರತಿ ನಡೆಯೂ ಚೆಕ್ ಆಗಿದ್ದರೆ ಉತ್ತರಗಳು ಬೆರಳೆಣಿಕೆಗೆ ಇಳಿಯುವುದರಿಂದಲೇ ಉದ್ದನೆಯ ಚೆಕ್ ಸರಣಿಗಳನ್ನು ಕೈಯಿಂದ ಪರೀಕ್ಷಿಸುವುದು ಸಾಧ್ಯವಾಗುತ್ತದೆ.