ಠರಾವು ಆಯಿತು, ಕೆಲಸ ಯಾರು ಮಾಡಬೇಕು?

ಸರ್ಕಾರಿ ಶಾಲೆಯೊಂದರ ಎಸ್‌ಡಿಎಂಸಿ ಸಭೆ ಎಂದಿಟ್ಟುಕೊಳ್ಳಿ. ಬಾಲಕಿಯರ ಶೌಚಾಲಯದ ಟ್ಯಾಂಕಿಗೆ ನೀರೇರಿಸುವ ಮೋಟಾರ್ ಸುಟ್ಟುಹೋಗಿದೆ. ಅರ್ಧ ಗಂಟೆ ಚರ್ಚೆಯಾಗಿ, ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಸೇರುತ್ತದೆ: ‘ಶೌಚಾಲಯಕ್ಕೆ ನೀರಿನ ವ್ಯವಸ್ಥೆ ಮಾಡಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಎಲ್ಲರೂ ಸಹಿ ಹಾಕುತ್ತಾರೆ. ಮುಂದಿನ ಸಭೆಗೂ ಅದೇ ವಿಷಯ, ಅದೇ ಚರ್ಚೆ.

ನಡಾವಳಿಯಲ್ಲಿ ತಪ್ಪೇನಿಲ್ಲ. ಏನು ತೀರ್ಮಾನವಾಯಿತು ಎಂಬುದನ್ನು ದಾಖಲಿಸುವುದಷ್ಟೇ ಅದರ ಕೆಲಸ. ತೀರ್ಮಾನ ಎಲ್ಲಿಗೆ ಬಂತು ಎಂದು ನೋಡಲು ಬೇರೆಯದೇ ಪುಸ್ತಕ ಬೇಕು. ಸರ್ಕಾರಿ ಸಭೆಗಳು ‘ಹಿಂದಿನ ಸಭೆಯ ಅನುಪಾಲನಾ ವರದಿ’ಯಿಂದ ಶುರುವಾಗುವುದು ಈ ಕಾರಣಕ್ಕೇ. ಸಣ್ಣ ಸಮಿತಿಗಳಿಗೆ ಅಷ್ಟು ದೊಡ್ಡ ವರದಿ ಬೇಡ, ಒಂದು ಉದ್ದ ನೋಟ್‌ಬುಕ್ ಸಾಕು. ಅದರಲ್ಲಿ ಆರು ಕಾಲಂ ಎಳೆಯಿರಿ: ಕ್ರಮಸಂಖ್ಯೆ, ಸಭೆಯ ದಿನಾಂಕ, ಕೆಲಸ, ಹೊಣೆ, ಗಡುವು, ಸ್ಥಿತಿ. ಪ್ರತಿ ಸಭೆಗೂ ಒಂದರಿಂದ ಎಣಿಕೆ ಶುರು ಮಾಡಬೇಡಿ. ಸಂಖ್ಯೆ ವರ್ಷವಿಡೀ ಮುಂದುವರಿಯಲಿ. ಆಗ ಹಳೆಯ ಬಾಕಿ ಹೊಸ ಪುಟದ ಹಿಂದೆ ಅಡಗಿ ಕೂರುವುದಿಲ್ಲ.

ಮೊದಲು ಕೆಲಸದ ಕಾಲಂ. ‘ನೀರಿನ ವ್ಯವಸ್ಥೆ’ ಎಂದು ಬರೆದರೆ ಕೆಲಸ ಮುಗಿಯಿತೋ ಇಲ್ಲವೋ ಎಂಬುದರ ಮೇಲೇ ವಾದ ಏಳುತ್ತದೆ. ‘ಮೋಟಾರ್ ಬಿಚ್ಚಿಸಿ, ರಿವೈಂಡಿಂಗ್ ಮಾಡಿಸಿ, ಶೌಚಾಲಯದ ಎರಡೂ ನಲ್ಲಿಯಲ್ಲಿ ನೀರು ಬರುವಂತೆ ಮಾಡುವುದು’ ಎಂದು ಬರೆದರೆ ನಲ್ಲಿ ತಿರುಗಿಸಿದವರಿಗೆಲ್ಲ ಉತ್ತರ ಗೊತ್ತಾಗುತ್ತದೆ.

ಹೊಣೆಯ ಕಾಲಂನಲ್ಲಿ ಒಂದೇ ಹೆಸರು ಇರಬೇಕು. ‘ಸಮಿತಿ’, ‘ಎಲ್ಲ ಸದಸ್ಯರು’ ಎಂದು ಬರೆದರೆ ಯಾರೂ ಅಲ್ಲ ಎಂದೇ ಅರ್ಥ. ಇಬ್ಬರ ಹೆಸರಿದ್ದರೆ ಒಬ್ಬರು ಮಾಡುತ್ತಾರೆಂದು ಇನ್ನೊಬ್ಬರು ಸುಮ್ಮನಿರುತ್ತಾರೆ. ಸಭೆಗೆ ಬಾರದವರ ತಲೆಗೆ ಕೆಲಸ ಕಟ್ಟುವುದೂ ಸಲ್ಲದು. ಫೋನ್ ಮಾಡಿ ಅವರು ಒಪ್ಪಿದ ಮೇಲೆ ಬರೆಯಿರಿ. ಹೊಣೆ ಹೊತ್ತವರೇ ಎಲ್ಲವನ್ನೂ ಮಾಡಬೇಕೆಂದಿಲ್ಲ, ಮಾಡಿಸಿದರೂ ಆಯಿತು. ಆದರೆ ‘ಏನಾಯ್ತು?’ ಎಂದು ಕೇಳಿದಾಗ ಉತ್ತರ ಕೊಡಬೇಕಾದವರು ಅವರೇ.

ಗಡುವು ಮುಂದಿನ ಸಭೆಯ ದಿನವೇ ಆಗಿರಬಾರದು. ಹಾಗಾದರೆ ಕೆಲಸ ಆಗಿಲ್ಲವೆಂದು ತಿಳಿಯುವುದೂ ಅಂದೇ. ಒಂದು ವಾರವಾದರೂ ಮುಂಚಿನ ದಿನಾಂಕ ಕೊಡಿ. ಗಡುವು ಬದಲಾದರೆ ಹಳೆಯದನ್ನು ಅಳಿಸದೆ, ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯಿರಿ. ಮೂರು ಗೆರೆ ಬಿದ್ದ ಕೆಲಸವನ್ನು ಮತ್ತೆ ಮುಂದೂಡಬೇಡಿ. ಅದು ಒಬ್ಬರ ಕೈಗೆ ಮೀರಿದ್ದಿರಬೇಕು, ಇಲ್ಲವೇ ಯಾರಿಗೂ ಬೇಡವಾಗಿರಬೇಕು. ಒಡೆದು ಚಿಕ್ಕದು ಮಾಡಿ, ಅಥವಾ ‘ಕೈಬಿಟ್ಟಿದೆ’ ಎಂದು ಕಾರಣ ಸಮೇತ ಬರೆದು ಮುಗಿಸಿ.

ಸ್ಥಿತಿಯ ಕಾಲಂನಲ್ಲಿ ಮೋಸ ಮಾಡುವ ಮಾತು ‘ನಡೆಯುತ್ತಿದೆ’. ನಮ್ಮ ಮೋಟಾರಿನ ಕೆಲಸವನ್ನು ಜೂನ್ 14ರ ಸಭೆಯಲ್ಲಿ ಪೋಷಕ ಸದಸ್ಯೆಯೊಬ್ಬರು ಒಪ್ಪಿಕೊಂಡರು, ಗಡುವು ಜೂನ್ 28 ಎನ್ನೋಣ. 24ರಂದು ಮುಖ್ಯ ಶಿಕ್ಷಕರು ಫೋನ್ ಮಾಡುತ್ತಾರೆ.

‘ನಡೀತಾ ಇದೆ ಸಾರ್.’

‘ಸರಿ ಅಮ್ಮಾ, ಮೋಟಾರ್ ಈಗ ಎಲ್ಲಿದೆ?’

‘ರಿವೈಂಡಿಂಗ್ ಅಂಗಡೀಲೇ ಇದೆ. ಸಾವಿರದೈನೂರು ಮುಂಗಡ ಕೊಟ್ರೆ ಕೈ ಹಚ್ತೀನಿ ಅಂತಾರೆ.’

ಎರಡನೇ ಪ್ರಶ್ನೆ ಕೇಳದಿದ್ದರೆ ಈ ಸಂಗತಿ ಹೊರಬೀಳುತ್ತಿರಲಿಲ್ಲ. ಸದಸ್ಯೆ ತಮ್ಮ ಪಾಲಿನ ಕೆಲಸ ಮಾಡಿದ್ದಾರೆ, ನಿಂತಿರುವುದು ದುಡ್ಡಿನಲ್ಲಿ. ಎಸ್‌ಡಿಎಂಸಿ ಖಾತೆಯ ಚೆಕ್ಕಿಗೆ ಅಧ್ಯಕ್ಷರು, ಮುಖ್ಯ ಶಿಕ್ಷಕರು ಇಬ್ಬರ ಸಹಿಯೂ ಬೇಕು. ಈಗ ಸ್ಥಿತಿಯ ಕಾಲಂನಲ್ಲಿ ಹೀಗೆ ಬರೆಯಬಹುದು: ‘24-6: ತಡೆ. ಮುಂಗಡ 1,500 ರೂ. ಚೆಕ್ಕಿಗೆ ಅಧ್ಯಕ್ಷರ ಸಹಿ ಆಗಬೇಕು. ಮುಖ್ಯ ಶಿಕ್ಷಕರು 25ಕ್ಕೆ ಮಾಡಿಸುವುದು.’ ಗಡುವಿಗೆ ಇನ್ನೂ ನಾಲ್ಕು ದಿನವಿದೆ. ಇದೇ ಸಂಗತಿ ಜುಲೈ ಸಭೆಯಲ್ಲಿ ತಿಳಿದಿದ್ದರೆ ಇನ್ನೊಂದು ತಿಂಗಳು ಹೋಗುತ್ತಿತ್ತು.

ಹೊರಗಿನವರ ಕೈಯಲ್ಲಿರುವ ಕೆಲಸಕ್ಕೆ ಲೆಕ್ಕ ಬೇರೆ. ಪಂಚಾಯಿತಿಯಿಂದ ಹೊಸ ಪೈಪ್‌ಲೈನ್ ಬೇಕಿದ್ದರೆ ‘ಪೈಪ್‌ಲೈನ್ ಹಾಕಿಸುವುದು’ ಎಂದು ಯಾರ ಹೆಸರಿಗೂ ಬರೆಯಲಾಗದು, ಅದನ್ನು ಮಂಜೂರು ಮಾಡುವ ಅಧಿಕಾರ ಅವರಿಗಿಲ್ಲ. ‘ಪಿಡಿಒ ಅವರಿಗೆ ಅರ್ಜಿ ಕೊಟ್ಟು ಸ್ವೀಕೃತಿ ತರುವುದು’ ಎಂದು ಬರೆಯಬಹುದು. ಸ್ವೀಕೃತಿ ಬಂದ ಮೇಲೆ ‘ಹದಿನೈದು ದಿನಕ್ಕೆ ಹೋಗಿ ವಿಚಾರಿಸುವುದು’ ಎಂಬುದು ಮುಂದಿನ ಸಾಲು. ಹಣವಿಲ್ಲದ ಕಡೆ ಪುಸ್ತಕ ಹಣ ತರುವುದಿಲ್ಲ. ಕೆಲಸ ಯಾರ ಮೇಜಿನ ಮೇಲೆ ನಿಂತಿದೆ ಎಂಬುದನ್ನಷ್ಟೇ ತೋರಿಸುತ್ತದೆ.

ಮುಂದಿನ ಸಭೆಯ ಮೊದಲ ಹತ್ತು ನಿಮಿಷ ಈ ಪುಸ್ತಕಕ್ಕೆ ಮೀಸಲಿರಲಿ. ಮುಗಿದವನ್ನು ಓದಿ ದಿನಾಂಕ ಹಾಕಿ, ಗಡುವು ದಾಟಿದವನ್ನು ಮಾತ್ರ ಚರ್ಚಿಸಿ. ಹೊಣೆ ಹೊತ್ತವರನ್ನು ಎಲ್ಲರೆದುರು ಬೈಯಲು ಇದನ್ನು ಬಳಸಿದರೆ ಮುಂದೆ ಯಾರೂ ಹೆಸರು ಕೊಡುವುದಿಲ್ಲ. ಪ್ರತಿ ಸಭೆಯಲ್ಲೂ ಬಾಕಿ ಸಾಲುಗಳು ಹೆಚ್ಚುತ್ತಲೇ ಹೋದರೆ, ನಿಮ್ಮ ಸಮಿತಿ ಮಾಡಬಲ್ಲದ್ದಕ್ಕಿಂತ ಹೆಚ್ಚು ತೀರ್ಮಾನ ಮಾಡುತ್ತಿದೆ ಎಂದರ್ಥ. ಅಂಥ ಸಭೆಯಲ್ಲಿ ಹೊಸ ಠರಾವು ಬೇಡ, ಹಳೆಯವನ್ನು ಮುಗಿಸಿ.