ಬಾಳೆಯ ತಳಿ: ಬಣ್ಣಕ್ಕಿಂತ ಗೊನೆ ನೋಡಿ

ಅಂಗಡಿಯಲ್ಲಿ ತೂಗುವ ಹಳದಿ ಗೊನೆ ಏಲಕ್ಕಿಯೋ, ರಸಬಾಳೆಯೋ, ಮೈಸೂರು ಬಾಳೆಯೋ? ಬಹಳಷ್ಟು ಜನ ಮೊದಲು ನೋಡುವುದು ಸಿಪ್ಪೆಯ ಬಣ್ಣವನ್ನು. ಆದರೆ ಹೆಚ್ಚು ದಾರಿ ತಪ್ಪಿಸುವುದೂ ಅದೇ.

ಪಚ್ಚಬಾಳೆಯನ್ನೇ ತೆಗೆದುಕೊಳ್ಳಿ. ಬೇಸಿಗೆಯ ಸೆಕೆಯಲ್ಲಿ ಮನೆಯಲ್ಲೇ ಹಣ್ಣಾದರೆ ತಿರುಳು ಮೆತ್ತಗಾಗಿ ಸಿಹಿಯಾದರೂ ಸಿಪ್ಪೆ ಹಸಿರಾಗಿಯೇ ಉಳಿಯುತ್ತದೆ. ಅದೇ ಗೊನೆಯ ಇನ್ನೊಂದು ಚಿಪ್ಪನ್ನು ಸುಮಾರು 18 ಡಿಗ್ರಿಯ ತಂಪು ಕೋಣೆಯಲ್ಲಿಟ್ಟು ಹಣ್ಣು ಮಾಡಿದರೆ ಚೊಕ್ಕ ಹಳದಿ ಬರುತ್ತದೆ. ಬಿಸಿ ಹೆಚ್ಚಿದ್ದಾಗ ಈ ಜಾತಿಯ ಸಿಪ್ಪೆಯಲ್ಲಿ ಹಸಿರು ಬಣ್ಣ ಪೂರ್ತಿ ಕರಗುವುದಿಲ್ಲ. ಹೀಗಾಗಿ ಒಂದೇ ಗಿಡದ ಹಣ್ಣು ಎರಡು ಅಂಗಡಿಗಳಲ್ಲಿ ಎರಡು ಜಾತಿಯಂತೆ ಕಾಣುತ್ತದೆ. ಕೆಂಪು ಸಿಪ್ಪೆಯ ಚಂದ್ರಬಾಳೆಯನ್ನು ಬಣ್ಣದಿಂದ ಗುರುತಿಸುವುದು ಸುಲಭ ಎನ್ನುತ್ತೀರಿ. ನಿಜ, ಆದರೆ ಅದರ ಕಂದೊಂದು ಕೆಲವೊಮ್ಮೆ ಹಸಿರು ಕಾಯಿಯ ಗೊನೆ ಬಿಡುವುದುಂಟು.

ಗಾತ್ರವನ್ನೂ ಎಚ್ಚರದಿಂದ ನೋಡಬೇಕು. ಒಂದೇ ಗೊನೆಯಲ್ಲಿ ಮೇಲಿನ ಚಿಪ್ಪಿನ ಕಾಯಿ ದಪ್ಪ, ಕೆಳಗಿನ ಚಿಪ್ಪಿನದು ಸಣ್ಣ. ತುದಿಯ ಚಿಪ್ಪನ್ನು ಕಂಡು ‘ಇದು ಏಲಕ್ಕಿ’ ಎಂದುಬಿಟ್ಟರೆ ಎಡವುತ್ತೇವೆ. ಹೋಲಿಸುವುದಾದರೆ ನಡುವಿನ ಚಿಪ್ಪನ್ನು ಹೋಲಿಸಿ.

ನನಗೆ ಹೆಚ್ಚು ನಂಬಿಕೆ ಇರುವುದು ಗೊನೆಯ ಕಟ್ಟು ಮತ್ತು ಕಾಯಿಯ ಮೂತಿಯ ಮೇಲೆ. ಮೈಸೂರು ಬಾಳೆಯ ಗೊನೆಯಲ್ಲಿ ಕಾಯಿಗಳು ಒಂದಕ್ಕೊಂದು ಒತ್ತಿಕೊಂಡು ತುಂಬಾ ಬಿಗಿಯಾಗಿರುತ್ತವೆ. ಪ್ರತಿ ಕಾಯಿಯ ತುದಿ ಬಾಟಲಿ ಕತ್ತಿನಂತೆ ಸಣ್ಣಗಾಗುತ್ತದೆ, ಒಣಗಿದ ಹೂವಿನ ಚೂರು ಅಲ್ಲೇ ಅಂಟಿಕೊಂಡಿರುತ್ತದೆ. ತಿಂದಾಗ ನಾಲಿಗೆಗೆ ತುಸು ಹುಳಿ ತಾಗುತ್ತದೆ. ಏಲಕ್ಕಿ ಬಾಳೆ ಅದಕ್ಕಿಂತ ಪುಟ್ಟದು, ಸಿಪ್ಪೆ ತೆಳು, ಸಿಹಿ ಒತ್ತಾದದ್ದು. ರಸಬಾಳೆ ಮೈತುಂಬಿಕೊಂಡ ಹಣ್ಣು. ಅದರ ಸಿಪ್ಪೆಯೂ ತೆಳುವೇ, ಪೂರ್ತಿ ಮಾಗಿದಾಗ ಕಪ್ಪು ಚುಕ್ಕೆ ಬೀಳುತ್ತದೆ, ಹಣ್ಣು ಚಿಪ್ಪಿನಿಂದ ಸುಲಭವಾಗಿ ಕಳಚಿಕೊಳ್ಳುತ್ತದೆ. ಚುಕ್ಕೆ ಕಂಡು ಕೊಳೆತಿದೆ ಎಂದು ಬಿಟ್ಟುಹೋಗುವವರು ಅದರ ಒಳ್ಳೆಯ ರುಚಿಯ ಹೊತ್ತನ್ನೇ ಕಳೆದುಕೊಳ್ಳುತ್ತಾರೆ. ಸುಲಿದರೆ ತಿರುಳು ಹಾಲಿನ ಬಿಳುಪು. ಕೆಲವು ಹಣ್ಣುಗಳಲ್ಲಿ ಒಳಗೆ ಗಟ್ಟಿ ಗಂಟು ಸಿಗುವುದೂ ಇದೇ ಜಾತಿಯ ದೋಷ.

ನೇಂದ್ರವನ್ನು ದೂರದಿಂದಲೇ ಹೇಳಬಹುದು: ಚಿಪ್ಪು ಕಡಿಮೆ, ಕಾಯಿ ಉದ್ದ, ಏಣು ಎದ್ದು ಕಾಣುತ್ತದೆ, ಗೊನೆ ಸಡಿಲ.

ಆದರೂ ಕಣ್ಣಿಗೆ ಒಂದು ಮಿತಿ ಇದೆ. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಅದೇ ಗುಂಪಿನ ಹಣ್ಣು ತಮಿಳುನಾಡಿನಲ್ಲಿ ರಸ್ತಾಳಿ ಎಂಬ ಹೆಸರಿನಲ್ಲಿ ಬೆಳೆಯುತ್ತದೆ. ಪನಾಮಾ ಸೊರಗು ರೋಗದಿಂದ ನಂಜನಗೂಡಿನ ತೋಟಗಳು ಕುಗ್ಗಿರುವುದರಿಂದ ಆ ಹೆಸರಿನಲ್ಲಿ ಬೇರೆ ಊರಿನ ಗೊನೆ ಮಾರಲು ಎಡೆ ಇದೆ. ಗೊನೆ ನೋಡಿ ಜಾತಿ ಹೇಳಬಹುದು, ಊರು ಹೇಳಲಾಗದು. ಅದಕ್ಕೆ ಯಾವ ತೋಟದ್ದೆಂದು ಮಾರುವವರನ್ನೇ ಕೇಳಬೇಕು.