ಗೋಡೆಯ ಮೇಲೆ ಹನ್ನೊಂದು ದಿನ

ನಂಬಿಕೆ ಎಂದರೇನು ಎಂಬುದನ್ನು ಬೇಗ ಮುಗಿಸಿಬಿಡೋಣ. 1995ರಲ್ಲಿ ಮೇಯರ್, ಡೇವಿಸ್ ಮತ್ತು ಶೂರ್ಮನ್ ಎಂಬ ಮೂವರು ವಿದ್ವಾಂಸರು ಅದನ್ನು ಮೂರು ಎಳೆಗಳಾಗಿ ಬಿಡಿಸಿಟ್ಟರು: ಈತನಿಗೆ ಕೆಲಸ ಬರುತ್ತದೆಯೇ, ಈತನಿಗೆ ನನ್ನ ಹಿತದ ಮೇಲೆ ಕಣ್ಣಿದೆಯೇ, ಈತ ಆಡಿದಂತೆ ನಡೆಯುತ್ತಾನೆಯೇ. ಹೊಸ ಉತ್ಪನ್ನವೊಂದು ಬಿಡುಗಡೆಯಲ್ಲೇ ಮುಗ್ಗರಿಸಿದಾಗ ಗಿರಾಕಿಗಳಿಗೆ ಕಾಣುವುದು ಮೊದಲನೆಯ ಎಳೆ ಕಡಿದದ್ದು. ತಂಡದ ಒಳಗೆ ಕಡಿದಿರುವುದು ಬಹಳ ಸಲ ಮೂರನೆಯದು. ಕ್ಯಾಂಟೀನಿನಲ್ಲಿ ಕೇಳಿಬರುವ ಮಾತು "ಅವನಿಗೆ ಬರಲ್ಲ" ಎಂದಲ್ಲ, "ಅವನಿಗೆ ಗೊತ್ತಿತ್ತು, ಹೇಳಲಿಲ್ಲ" ಎಂದು.

ಇದನ್ನು ಗಮನಿಸದವರು ತಂಡವನ್ನು ಊರಾಚೆಯ ರೆಸಾರ್ಟಿಗೆ ಕರೆದೊಯ್ದು, ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವ ಆಟ ಆಡಿಸುತ್ತಾರೆ. ಬಿದ್ದರೆ ಸಹೋದ್ಯೋಗಿ ಹಿಡಿಯುತ್ತಾನೆಯೇ ಎಂಬ ಅನುಮಾನ ಅಲ್ಲಿ ಯಾರಿಗೂ ಇರಲೇ ಇಲ್ಲ! ಇದ್ದ ಅನುಮಾನ ಹಾಗೇ ಬಸ್ಸು ಹತ್ತಿ ವಾಪಸು ಬರುತ್ತದೆ.

ಒಂದು ಕಲ್ಪಿತ ತಂಡವನ್ನು ಇಟ್ಟುಕೊಂಡು ನೋಡೋಣ. ಬೆಂಗಳೂರಿನಲ್ಲಿ 12 ಜನ ಸೇರಿ ಕಿರಾಣಿ ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡಿದರು. ಸೋಮವಾರ ಬಿಡುಗಡೆ. ನೆಟ್‌ವರ್ಕ್ ಹೋಗಿ ಮರಳಿದಾಗಲೆಲ್ಲ ಒಂದೇ ಬಿಲ್ಲು ಎರಡು ಸಲ ದಾಖಲಾಗತೊಡಗಿತು. ಅಂಗಡಿಯವರ ಲೆಕ್ಕ ಕೆಟ್ಟು, ಬುಧವಾರ ಆ್ಯಪ್ ಹಿಂತೆಗೆದುಕೊಳ್ಳಬೇಕಾಯಿತು. ಅಂದಿನಿಂದ ಸೇಲ್ಸ್‌ನವರು ಡೆವಲಪರ್‌ಗಳ ಜೊತೆ ಮಾತು ನಿಲ್ಲಿಸಿದ್ದಾರೆ. ಟೆಸ್ಟರ್ ಹುಡುಗಿ ಪ್ರತಿ ಮಾತನ್ನೂ ಈಮೇಲಿನಲ್ಲೇ ಹೇಳುತ್ತಾಳೆ, ಮೂವರಿಗೆ ಕಾಪಿ ಹಾಕಿ.

ಇಂಥ ತಂಡದಲ್ಲಿ ನಂಬಿಕೆಯನ್ನು ಮರಳಿ ಕಟ್ಟಲು ಒಂದು ದಿನದ ಕಾರ್ಯಾಗಾರ ನಡೆಸಬಹುದು. ಅದರ ಕೆಲಸ ಆ ದಿನಕ್ಕಿಂತ ಮೊದಲೇ ಶುರುವಾಗಬೇಕು. ನಡೆಸುವವರು ತಂಡದ ಹೊರಗಿನವರಾಗಿರಲಿ. ಅವರು ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ ಒಂಟಿಯಾಗಿ ಮಾತಾಡಿರಬೇಕು. ಆ ದಿನ ಬೆಳಿಗ್ಗೆ ಎಲ್ಲರಿಗೂ ಒಂದೊಂದು ಚೀಟಿ: ಈ ಕೋಣೆಯಲ್ಲಿ ಎಷ್ಟು ಮನಬಿಚ್ಚಿ ಮಾತಾಡಬಲ್ಲಿರಿ, 1ರಿಂದ 5ರವರೆಗೆ ಅಂಕ ಕೊಡಿ, ಹೆಸರು ಬೇಡ. ನಾರ್ಮನ್ ಕರ್ತ್ 2001ರ ತನ್ನ ಪುಸ್ತಕದಲ್ಲಿ ಹೇಳಿಕೊಟ್ಟ ವಿಧಾನಗಳಲ್ಲಿ ಇಂಥದೂ ಒಂದು. ಒಂದು, ಎರಡುಗಳೇ ಹೆಚ್ಚು ಬಂದರೆ ಮ್ಯಾನೇಜರ್ ಬೆಳಗಿನ ಅವಧಿಗೆ ಹೊರಗಿರುವುದು ಒಳ್ಳೆಯದು. ಹಾಗೆಂದು ಅವರಿಗೆ ಮುಂಚಿತವಾಗಿಯೇ ಹೇಳಿ ಒಪ್ಪಿಸಿರಬೇಕು.

ಇನ್ನು ನನಗೆ ಬಲು ಪ್ರಿಯವಾದ ಭಾಗ, ಗೋಡೆ. ಉದ್ದನೆಯ ಕಾಗದ ಅಂಟಿಸಿ, ಬಿಡುಗಡೆಗೆ ಮುಂಚಿನ ಆರು ವಾರಗಳ ತಾರೀಖು ಬರೆಯಿರಿ. 40 ನಿಮಿಷ ಯಾರೂ ಮಾತಾಡಬಾರದು. ಪ್ರತಿಯೊಬ್ಬರೂ ಚೀಟಿಗಳಲ್ಲಿ ಎರಡೇ ಸಂಗತಿ ಬರೆದು ಆಯಾ ತಾರೀಖಿನ ಕೆಳಗೆ ಅಂಟಿಸಬೇಕು: ಆ ದಿನ ನಾನು ಏನು ಮಾಡಿದೆ, ಆ ದಿನ ನನಗೆ ಏನು ಗೊತ್ತಿತ್ತು. ಆಮೇಲೆ ಗೊತ್ತಾದದ್ದನ್ನು ಬರೆಯುವಂತಿಲ್ಲ.

ಈ ಕೊನೆಯ ನಿಯಮದ ಮೇಲೆಯೇ ಜನ ಎಡವುವುದು. ಮುಗಿದ ಕತೆ ಗೊತ್ತಿರುವಾಗ, ಅದು ಮೊದಲೇ ಗೊತ್ತಿತ್ತು ಎಂದೇ ನೆನಪು ಹೇಳುತ್ತದೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಹೊರಟಾಗ, ಅಲ್ಲಿ ಏನೇನು ನಡೆಯುವ ಸಂಭವ ಎಷ್ಟೆಷ್ಟು ಎಂದು ಬರೂಚ್ ಫಿಶಾಫ್ ಮತ್ತು ರೂತ್ ಬೇತ್ ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ, "ಅಂದು ನೀವು ಬರೆದದ್ದು ಎಷ್ಟಿತ್ತು?" ಎಂದು ಕೇಳಿದರು. ನಡೆದುಹೋದ ಸಂಗತಿಗಳಿಗೆ ತಾವು ಕೊಟ್ಟಿದ್ದ ಅಂಕ ಇದ್ದದ್ದಕ್ಕಿಂತ ಜಾಸ್ತಿ ಎಂದೇ ಬಹಳ ಜನರಿಗೆ ನೆನಪಾಯಿತು. ಸುಳ್ಳು ಹೇಳುವ ಉದ್ದೇಶ ಅವರಿಗಿರಲಿಲ್ಲ, ನೆನಪೇ ತಿದ್ದಿಕೊಂಡಿತ್ತು. ಅದಕ್ಕೇ ಗೋಡೆಯ ಮುಂದೆ ನಿಲ್ಲುವಾಗ ಕೈಯಲ್ಲಿ ಹಳೆಯ ಈಮೇಲು, ಚಾಟ್, ಬಗ್ ಪಟ್ಟಿಗಳ ಪ್ರಿಂಟ್ ಇರಬೇಕು. ನೆನಪಿಗೂ ಈಮೇಲಿಗೂ ಜಗಳವಾದರೆ ಈಮೇಲೇ ಗೆಲ್ಲಲಿ.

ನಮ್ಮ ತಂಡದ ಗೋಡೆಯಲ್ಲಿ ಏನು ಕಂಡಿತು? ಬಿಡುಗಡೆಗೆ 11 ದಿನ ಮುಂಚಿನ ಗುರುವಾರದ ಕೆಳಗೆ ಟೆಸ್ಟರ್ ಚೀಟಿ: "ಬಿಲ್ಲು ಎರಡಾಗುವ ಬಗ್ ದಾಖಲಿಸಿದೆ. ಮಧ್ಯಮ ದರ್ಜೆ ಎಂದು ಗುರುತಿಸಿದೆ." ಅದೇ ದಿನದ ಕೆಳಗೆ ಮ್ಯಾನೇಜರ್ ಚೀಟಿ: "ವಿತರಕರಿಗೆ ಸೋಮವಾರದ ತಾರೀಖು ಕೊಟ್ಟೆ. ಬಗ್ ಪಟ್ಟಿಯಲ್ಲಿ ತೀವ್ರ ದರ್ಜೆಯವನ್ನು ಮಾತ್ರ ನೋಡಿದೆ." ಮ್ಯಾನೇಜರ್ ಮುಚ್ಚಿಟ್ಟರು ಎಂದು ಟೆಸ್ಟರ್ ಇಷ್ಟು ದಿನ ನಂಬಿದ್ದಳು. ಅವರು ಅದನ್ನು ನೋಡಿಯೇ ಇರಲಿಲ್ಲ. ಎರಡು ಚೀಟಿ ಪಕ್ಕಪಕ್ಕ ಕೂತ ಮೇಲೆ ಯಾರೂ ವಾದ ಮಾಡಬೇಕಾಗಲಿಲ್ಲ. ಆದರೆ ಮುಂದಿನ ವಾರದ ಶುಕ್ರವಾರದ ಕೆಳಗೆ ಇನ್ನೊಂದು ಚೀಟಿ ಇತ್ತು, ಟೀಮ್ ಲೀಡ್‌ದು: "ಬಗ್ ನೋಡಿದೆ. ಎಲ್ಲ ಸರಿಯಿದೆ ಎಂದು ವರದಿ ಕೊಟ್ಟೆ."

ಇವೆರಡೂ ಬೇರೆ ಬೇರೆ ಜಾತಿಯ ತಪ್ಪುಗಳು. ಮೊದಲನೆಯದು ಸಾಮರ್ಥ್ಯದ್ದು, ಎರಡನೆಯದು ಪ್ರಾಮಾಣಿಕತೆಯದು. ಪೀಟರ್ ಕಿಮ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಾಮರ್ಥ್ಯದ ತಪ್ಪಿಗೆ ಕ್ಷಮೆ ಕೇಳಿದವರು ನಂಬಿಕೆಯನ್ನು ಹೆಚ್ಚು ಮರಳಿ ಪಡೆದರು. ಅಪ್ರಾಮಾಣಿಕತೆಯ ಆರೋಪ ಬಂದಾಗ ಮಾತ್ರ, ವಿಚಿತ್ರವೆಂಬಂತೆ, ತಪ್ಪು ತನ್ನದಲ್ಲ ಎಂದವರೇ ಹೆಚ್ಚು ಉಳಿದುಕೊಂಡರು. ಇದನ್ನು ಓದಿ "ಹಾಗಾದರೆ ಅಲ್ಲಗಳೆದರಾಯಿತು" ಎಂದು ಹಿಗ್ಗುವವರನ್ನು ಕಂಡಿದ್ದೇನೆ. ಅದೇ ಬರಹದ ಉಳಿದರ್ಧ ಅವರು ಓದಿರುವುದಿಲ್ಲ: ತಪ್ಪಿತಸ್ಥನೆಂಬುದಕ್ಕೆ ಆಮೇಲೆ ಸಾಕ್ಷಿ ಸಿಕ್ಕಾಗ, ಅಲ್ಲಗಳೆದವನಿಗಿಂತ ಕ್ಷಮೆ ಕೇಳಿದ್ದವನೇ ಮೇಲು. ಇಲ್ಲಂತೂ ಸಾಕ್ಷಿ ಗೋಡೆಯ ಮೇಲೇ ಇದೆ.

ಆದ್ದರಿಂದ ಊಟದ ವಿರಾಮದಲ್ಲಿ ನಡೆಸುವವರು ಲೀಡ್ ಜೊತೆ ಬೇರೆಯಾಗಿ ಕೂತು ಮಾತಾಡಬೇಕು. ಎಲ್ಲರೆದುರು ಒಮ್ಮೆಲೇ ಪ್ರಶ್ನೆ ಎಸೆದರೆ ಅದು ಪಂಚಾಯಿತಿಯಾಗುತ್ತದೆ. ಮಧ್ಯಾಹ್ನ ಮೊದಲು ಮಾತಾಡಬೇಕಾದವರು ಮ್ಯಾನೇಜರ್. ತಾರೀಖು ಕೊಡುವ ಮುಂಚೆ ಯಾರನ್ನೂ ಕೇಳಲಿಲ್ಲ ಎಂಬುದನ್ನು ಅವರು ಬಾಯಿಬಿಟ್ಟು ಹೇಳಿದರೆ, ಲೀಡ್‌ಗೆ ಉಸಿರಾಡಲು ಜಾಗ ಸಿಗುತ್ತದೆ. "ಇಲ್ಲ ಅಂದರೆ ಬೈತೀರಿ ಅಂತ ಸರಿಯಿದೆ ಅಂದೆ, ಸರ್. ಅದು ತಪ್ಪು." ಇಷ್ಟು ಸಾಕು. ಲೀಡ್ ಬೇಕೆಂದೇ, ತನ್ನ ಲಾಭಕ್ಕಾಗಿ ಸುಳ್ಳು ಹೇಳಿದ್ದರೆ ಅದು ಕಾರ್ಯಾಗಾರದ ವಿಷಯವೇ ಅಲ್ಲ, ಆಡಳಿತದ ವಿಷಯ. ಅಪ್ರೈಸಲ್ ಹತ್ತಿರವಿದ್ದರೆ, ಕೆಲಸದಿಂದ ತೆಗೆಯುವ ಸುದ್ದಿ ಹಬ್ಬಿದ್ದರೆ ಈ ದಿನವನ್ನು ಇಟ್ಟುಕೊಳ್ಳಲೇಬೇಡಿ. ಗೋಡೆ ಖಾಲಿ ಉಳಿಯುತ್ತದೆ.

ದಿನ ಕೆಡುತ್ತಿದೆ ಎಂಬುದನ್ನು ಭಾಷೆಯಿಂದಲೇ ಹಿಡಿಯಬಹುದು. "ಸಂವಹನದ ಕೊರತೆಯಾಯಿತು", "ಗಮನಕ್ಕೆ ತರಲಾಗಿತ್ತು" ಎಂಬಂಥ ಚೀಟಿಗಳು ಬಂದರೆ ವಾಪಸು ಕೊಡಿ: ತಂದವರು ಯಾರು, ಯಾರ ಗಮನಕ್ಕೆ? ಇನ್ನೂ ನವಿರಾದ ಬಲೆ ನಮ್ಮ "ಮಾಡೋಣ". ಸಭೆಯಲ್ಲಿ ಹತ್ತು ಸಲ "ನೋಡೋಣ, ಮಾಡೋಣ" ಎಂದಾಗ ಎಲ್ಲರೂ ಒಪ್ಪಿದಂತೆ ಕೇಳುತ್ತದೆ, ಯಾರ ಹೆಗಲಿಗೂ ಏನೂ ಬಿದ್ದಿರುವುದಿಲ್ಲ. ದಿನದ ಕೊನೆಯ ಒಂದೂವರೆ ಗಂಟೆಯಲ್ಲಿ ಬರೆಯುವ ಪ್ರತಿ ಮಾತೂ "ನಾನು ಮಾಡುತ್ತೇನೆ" ಎಂದೇ ಇರಬೇಕು, ಎರಡು ವಾರದೊಳಗೆ ಮುಗಿಯುವಷ್ಟು ಚಿಕ್ಕದಿರಬೇಕು. ಆಡಿದಂತೆ ನಡೆಯುವ ಎಳೆ ಮತ್ತೆ ಹುರಿಗೊಳ್ಳುವುದು ನಡೆದು ತೋರಿಸಿದಾಗ ಮಾತ್ರ. ಬೇಗ ತೋರಿಸಬೇಕಾದರೆ ಚಿಕ್ಕ ಮಾತೇ ಬೇಕು. ಮ್ಯಾನೇಜರ್ ಬರೆದರು: "ತಾರೀಖು ಕೊಡುವ ಹಿಂದಿನ ದಿನ ಟೆಸ್ಟರ್ ಜೊತೆ 15 ನಿಮಿಷ ಕೂತು ಪೂರ್ತಿ ಪಟ್ಟಿ ನೋಡುತ್ತೇನೆ." ಲೀಡ್ ಬರೆದ: "ವರದಿಯಲ್ಲಿ ಬಾಕಿಯಿರುವ ಬಗ್‌ಗಳನ್ನೇ ಮೊದಲು ಬರೆಯುತ್ತೇನೆ."

ನಾಲ್ಕು ವಾರದ ನಂತರ ಮತ್ತೆ ಅದೇ ಚೀಟಿ, ಅದೇ 1ರಿಂದ 5. ಅಂಕಕ್ಕಿಂತ ನಾನು ನೋಡುವುದು ಬಗ್ ಪಟ್ಟಿಯನ್ನು. ತಂಡ ಸುಧಾರಿಸುತ್ತಿದ್ದರೆ ಪಟ್ಟಿ ಉದ್ದವಾಗಿರುತ್ತದೆ. ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಅಧ್ಯಯನ ನಡೆಸಿದಾಗ, ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುವ ದಾದಿಯರ ತಂಡಗಳಲ್ಲೇ ಔಷಧಿಯ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಹೆಚ್ಚು ಹೇಳುತ್ತಿದ್ದರು. ಆ ಬರಹವನ್ನು ಹುಡುಕಿ ಓದಿ, ಮುಂದಿನ ಸೋಮವಾರ ನಿಮ್ಮ ಪಟ್ಟಿಯನ್ನೂ ತೆರೆದು ನೋಡಿ. ಟೆಸ್ಟರ್ ಈಗ ಮೂವರಿಗೆ ಕಾಪಿ ಹಾಕದೆ ಬರೆಯುತ್ತಿದ್ದಾಳೆಯೇ?